ಎಲೆ ಮೇಲಿದ್ದದ್ದೆಲ್ಲ ಎಲೆ ತಿಂದದ್ದಲ್ಲ

ಕಳೆದ ಮುಂಗಾರಿನಲ್ಲಿ ನಾವು ನಾಲ್ಕು ಜನ ಸೇರಿ ಒಂದು ತಪ್ಪು ಮಾಡಿದೆವು. ಆ ತಪ್ಪಿನ ಬಗ್ಗೆ ಒಂದು ಅಭಿಪ್ರಾಯವೂ ಬೆಳೀತು. ಎರಡನ್ನೂ ಇಲ್ಲಿ ಬರೀತಿದ್ದೇವೆ.

ಎನ್ಎಸ್ಎಸ್ ಕ್ಯಾಂಪಿಗೆ ರಾಣೆಬೆನ್ನೂರು ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ನಮ್ಮಲ್ಲೊಬ್ಬನ ಊರೂ ಅದೇ. ಕ್ಯಾಂಪ್ ಮುಗಿದ ಮೇಲೂ ಊರಿನವರ ಜೊತೆ ಒಂದು ವಾಟ್ಸಾಪ್ ಗ್ರೂಪ್ ಉಳೀತು. ಗೋವಿನಜೋಳದ ಎಲೆ ಮೇಲೆ ಏನಾದರೂ ಕಂಡರೆ ಅವರು ಫೋಟೋ ಹಾಕೋದು, ನಾವು ಗೂಗಲ್ ಮಾಡಿ, ಕೃಷಿ ವಿಶ್ವವಿದ್ಯಾಲಯದ ಪುಸ್ತಿಕೆ ತೆಗೆದು, ಇಂಥ ಹುಳ ಅಂತ ಹೇಳೋದು. ಮೊದಲ ಎರಡು ವಾರ ನಮಗೇ ನಮ್ಮ ಮೇಲೆ ಬಹಳ ಅಭಿಮಾನ ಇತ್ತು. ಸಿವಿಲ್, ಇ ಅಂಡ್ ಸಿ ಓದ್ತಾ ಹುಳದ ಹೆಸರು ಹೇಳ್ತಿದ್ದೇವಲ್ಲ ಅಂತ.

ಒಂದು ಶುಕ್ರವಾರ ರಾತ್ರಿ ಗೆಳೆಯನ ಕಾಕಾ ಒಂದು ಕ್ಲೋಸಪ್ ಕಳಿಸಿದರು. ಹಸಿರು ಎಲೆ, ಅದರ ಮೇಲೆ ಹತ್ತು ಹನ್ನೆರಡು ಬಿಳಿ ಚುಕ್ಕೆ, ಪಕ್ಕದಲ್ಲಿ ಕೆರೆದು ತೆಳುವಾದ ಒಂದು ಪಟ್ಟಿ. ಜೊತೆಗೊಂದು ವಾಯ್ಸ್ ಮೆಸೇಜು: "ಲೇ ತಮ್ಮಾ, ಇದು ಲದ್ದಿ ಹುಳದ ತತ್ತಿ ಏನ್ ನೋಡ್ರಿ. ಅದಾದ್ರ ಮುಂಜಾನೆ ಎಣ್ಣಿ ಹೊಡದ್ ಬಿಡ್ತೀನಿ." ಹತ್ತು ನಿಮಿಷದಲ್ಲಿ ನಾವು ಉತ್ತರ ಕೊಟ್ಟೆವು, "ಹೌದು ಕಾಕಾ, ಅದೇ." ಶನಿವಾರ ಬೆಳಿಗ್ಗೆ ಅವರು ಆಳು ಹಿಡಿದು ಒಂದು ಎಕರೆಗೆ ಹೊಡೆಸಿದರು.

ಭಾನುವಾರ ಗೆಳೆಯ ಊರಿಗೆ ಹೋದ. ಕೈಯಲ್ಲಿ ಮೊಬೈಲಿಗೆ ಸಿಕ್ಕಿಸೋ ಮ್ಯಾಕ್ರೋ ಲೆನ್ಸ್ ಇತ್ತು. ಅದೇ ಎಲೆ ಹುಡುಕಿ, ಮೇಲಿನಿಂದ ತೆಗೆಯೋ ಬದಲು ಪಕ್ಕದಿಂದ ಫೋಟೋ ತೆಗೆದ. ಬಿಳಿ ಚುಕ್ಕೆಗಳು ಎಲೆಗೆ ಅಂಟಿಯೇ ಇರಲಿಲ್ಲ. ಒಂದೊಂದೂ ಕೂದಲಿನಷ್ಟು ಸಪೂರ ದಂಟಿನ ತುದಿಯಲ್ಲಿ ನಿಂತಿತ್ತು. ಅದು ಲೇಸ್‌ವಿಂಗ್ ಅನ್ನೋ ಜಾಲರಿ ರೆಕ್ಕೆಯ ಹಸಿರು ಕೀಟದ ಮೊಟ್ಟೆ. ಅದರ ಮರಿ ಎಲೆ ತಿನ್ನೋದಿಲ್ಲ. ಸಸ್ಯಹೇನನ್ನೂ ಬೇರೆ ಕೀಟಗಳ ಮೊಟ್ಟೆಯನ್ನೂ ಸಣ್ಣ ಮರಿಹುಳವನ್ನೂ ಹಿಡಿದು ಹೀರುತ್ತೆ. ಕಾಕಾನ ಹೊಲಕ್ಕೆ ಪುಕ್ಕಟೆ ಬಂದಿದ್ದ ಕಾವಲುಗಾರನ ಮೇಲೆ ನಾವು ಔಷಧಿ ಹೊಡೆಸಿದ್ದೆವು. ಆ ದಿನ ಅವನು ಹೊಲದ ಐದು ಕಡೆ ಇಪ್ಪತ್ತಿಪ್ಪತ್ತು ಗಿಡ, ಒಟ್ಟು ನೂರು ಗಿಡ ನೋಡಿದ. ಲದ್ದಿ ಹುಳ ಕೆರೆದ ಗುರುತು ಇದ್ದದ್ದು ಮೂರರಲ್ಲಿ. ಗಿಡ ಎಳೆಯದಿರುವಾಗ ನೂರಕ್ಕೆ ಐದು ದಾಟಿದರೆ ಮಾತ್ರ ಸಿಂಪಡಣೆ ಯೋಚಿಸಿ ಅನ್ನೋದು ಕೃಷಿ ವಿಜ್ಞಾನಿಗಳು ಹೇಳೋ ಲೆಕ್ಕ. ಅಂದರೆ ಹೊಡೆಯೋ ಅಗತ್ಯವೇ ಇರಲಿಲ್ಲ.

ಹಾಗಾದ್ರೆ ನಮ್ಮ ವಾದ ಇಷ್ಟು. ಕ್ಲೋಸಪ್ ಫೋಟೋ ನೋಡಿದ ಕೂಡಲೇ 'ಯಾವ ಹುಳ?' ಅಂತ ಕೇಳೋದೇ ತಪ್ಪು ಪ್ರಶ್ನೆ. ಮೊದಲು ಇದು ಯಾವ ಅವಸ್ಥೆ ಅಂತ ಕೇಳಬೇಕು: ಮೊಟ್ಟೆಯೋ, ಮರಿಯೋ, ಕೋಶವೋ. ಆಮೇಲೆ, ಎಲೆ ತಿಂದದ್ದು ಇದೇನಾ ಅಥವಾ ತಿಂದದ್ದನ್ನು ತಿನ್ನೋಕೆ ಬಂದದ್ದಾ ಅಂತ. ಹೆಸರು ಮೂರನೇದು. ಅದೂ ಗುರುತು ಕಂಡರೆ ಮಾತ್ರ. ಕಾಣದಿದ್ದರೆ ಹೆಸರು ಹೇಳಬಾರದು. 'ಗೊತ್ತಾಗ್ತಿಲ್ಲ, ಇನ್ನೊಂದು ಫೋಟೋ ಕಳಿಸಿ' ಅನ್ನೋದೂ ಒಂದು ಉತ್ತರ ಅಂತ ಒಪ್ಪಿಕೊಳ್ಳದಿದ್ದರೆ ನಾವು ಈ ಕೆಲಸಕ್ಕೆ ಕೈ ಹಾಕಲೇಬಾರದು.

ಲದ್ದಿ ಹುಳ ಅಂದರೆ ಫಾಲ್ ಆರ್ಮಿವರ್ಮ್. ಅಮೆರಿಕ ಖಂಡದ್ದು, 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಳ್ತು. ಭಾರತದಲ್ಲಿ ಮೊದಲು ಸಿಕ್ಕಿದ್ದು ನಮ್ಮ ಶಿವಮೊಗ್ಗದಲ್ಲೇ, 2018ರ ಮೇ ತಿಂಗಳಲ್ಲಿ. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಅದನ್ನು ಗುರುತಿಸಿದರು. ಹೊಲದಲ್ಲಿ ಸಿಕ್ಕ ಮರಿಗಳನ್ನು ಪತಂಗ ಆಗೋವರೆಗೂ ಸಾಕಿ ನೋಡಿದ ಮೇಲೇ ಅವರು ಹೆಸರು ಹೇಳಿದ್ದು. ಜೀವಮಾನ ಇದರಲ್ಲೇ ಕಳೆದವರು ಅಷ್ಟು ಕಾದರು. ನಮಗೆ ಹತ್ತು ನಿಮಿಷ ಸಾಕಾಗಿತ್ತು.

ಮರಿಹುಳದಿಂದ ಶುರು ಮಾಡೋಣ, ಯಾಕಂದ್ರೆ ಫೋಟೋದಲ್ಲಿ ನಿಜವಾಗಿ ಹೆಸರು ಹೇಳೋಕೆ ಆಗೋದು ಇದೊಂದೇ ಅವಸ್ಥೆಯಲ್ಲಿ. ಯಾರನ್ನೇ ಕೇಳಿ, 'ತಲೆ ಮೇಲೆ ತಲೆಕೆಳಗಾದ ವೈ ಇದ್ದರೆ ಲದ್ದಿ ಹುಳ' ಅಂತಾರೆ. ಗೊಬ್ಬರದ ಅಂಗಡಿ ಗೋಡೆಯ ಪೋಸ್ಟರಿನಲ್ಲೂ ಅದೇ ಇದೆ. ಅದು ಸುಳ್ಳಲ್ಲ. ಕಡು ಬಣ್ಣದ ತಲೆಯ ಮುಂಭಾಗದಲ್ಲಿ ಬಿಳಿ ಗೆರೆಗಳು ಸೇರಿ ಆ ಆಕಾರ ಮಾಡ್ತವೆ. ಆದರೆ ಆ ಗೆರೆ ತಲೆಯ ಎರಡು ಭಾಗ ಕೂಡೋ ಜಾಗದ ಗೆರೆ, ಬೇರೆ ಮರಿಹುಳಗಳಲ್ಲೂ ಇರುತ್ತೆ. ಕಾಯಿಕೊರಕದಲ್ಲಿ, ತಂಬಾಕಿನ ಎಲೆ ತಿನ್ನೋ ಹುಳದಲ್ಲಿ ಅದು ಮಸುಕಾಗಿ ಕಾಣುತ್ತೆ. ಬಿಸಿಲಲ್ಲಿ ತೆಗೆದ ಫೋಟೋದಲ್ಲಿ ಮಸುಕು ಗೆರೆಯೂ ಹೊಳೆಯುತ್ತೆ. ವೈ ಹುಡುಕೋ ಕಣ್ಣಿಗೆ ವೈ ಸಿಕ್ಕೇ ಸಿಗುತ್ತೆ.

ಹೆಚ್ಚು ನಂಬಬಹುದಾದ ಗುರುತು ಇನ್ನೊಂದು ತುದಿಯಲ್ಲಿದೆ. ಹುಳದ ಬೆನ್ನಿನ ಪ್ರತಿ ಖಂಡದ ಮೇಲೂ ನಾಲ್ಕು ಕಪ್ಪು ಚುಕ್ಕೆ ಇರ್ತವೆ, ಒಂದೊಂದರಿಂದ ಒಂದು ಸಣ್ಣ ಕೂದಲು ಎದ್ದಿರುತ್ತೆ. ನಡುವಿನ ಖಂಡಗಳಲ್ಲಿ ಮುಂದಿನ ಜೋಡಿ ಹತ್ತಿರ, ಹಿಂದಿನ ಜೋಡಿ ದೂರ. ಹಾಗಾಗಿ ನಾಲ್ಕನ್ನೂ ಸೇರಿಸಿದರೆ ಟ್ರೆಪೀಜಿಯಮ್ ಆಗುತ್ತೆ. ಬಾಲದ ಹತ್ತಿರ, ಹಿಂದಿನಿಂದ ಎರಡನೆಯದು ಅಂತ ಕಣ್ಣಿಗೆ ಕಾಣೋ ಖಂಡದಲ್ಲಿ ಮಾತ್ರ ಆ ನಾಲ್ಕು ಚುಕ್ಕೆಗಳು ದೊಡ್ಡದಾಗಿ, ಚೌಕಾಕಾರವಾಗಿ ಕೂತಿರ್ತವೆ. ಚೌಕವೂ ವೈಯೂ ಎರಡೂ ಕಂಡರೆ ಧೈರ್ಯವಾಗಿ ಲದ್ದಿ ಹುಳ ಅನ್ನಬಹುದು. ಇಂಜಿನಿಯರಿಂಗ್ ಡ್ರಾಯಿಂಗ್ ಮಾಡಿದ ನಮಗೆ ಚೌಕಕ್ಕೂ ಟ್ರೆಪೀಜಿಯಮ್‌ಗೂ ಇರೋ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಕಷ್ಟ ಏನಂದ್ರೆ, ಫೋಟೋ ತೆಗೆಯೋರು ಯಾವಾಗಲೂ ಮುಖ ತೆಗೀತಾರೆ. ಮನುಷ್ಯರ ಅಭ್ಯಾಸ ಅದು. ನಮ್ಮ ಗ್ರೂಪಿಗೆ ಬಂದ ಫೋಟೋಗಳಲ್ಲಿ ಬಹುಪಾಲು ಬಾಲ ಫ್ರೇಮಿನಿಂದ ಹೊರಗೇ ಇತ್ತು.

ಇನ್ನೊಂದು ಮಿತಿ ಹುಳದ ವಯಸ್ಸು. ಲದ್ದಿ ಹುಳ ಮರಿಯಾಗಿ ಆರು ಹಂತ ದಾಟುತ್ತೆ. ಮೊಟ್ಟೆಯಿಂದ ಬಂದಾಗ ಎರಡು ಮಿಲಿಮೀಟರಿಗಿಂತ ಕಡಿಮೆ, ಹಸಿರು ಮೈ, ಕಪ್ಪು ತಲೆ, ಅಷ್ಟೇ. ವೈಯೂ ಇಲ್ಲ, ಚೌಕವೂ ಸ್ಪಷ್ಟ ಇಲ್ಲ. ಮೂರನೇ ಹಂತದಿಂದ ಗುರುತು ಮೂಡಿ, ಕೊನೇ ಹಂತದಲ್ಲಿ ಮೂರರಿಂದ ಮೂರೂವರೆ ಸೆಂಟಿಮೀಟರ್ ಆದಾಗ ಯಾರಾದರೂ ಹೇಳಬಹುದು ಅನ್ನೋಷ್ಟು ಚೆನ್ನಾಗಿ ಕಾಣುತ್ತೆ. ಆದರೆ ಅಷ್ಟು ದೊಡ್ಡ ಹುಳ ಸುಳಿಯೊಳಗೆ ತನ್ನ ಹಿಕ್ಕೆಯನ್ನೇ ಮುಚ್ಚಳ ಮಾಡಿಕೊಂಡು ಕೂತಿರುತ್ತೆ, ಔಷಧಿ ಸುಲಭಕ್ಕೆ ತಟ್ಟೋದಿಲ್ಲ. ಅಂದ್ರೆ ಫೋಟೋದಲ್ಲಿ ಗುರುತಿಸೋಕೆ ಸುಲಭವಾದ ಹೊತ್ತಿಗೆ ಹಿಡಿಯೋಕೆ ತಡವಾಗಿರುತ್ತೆ. ಹಿಡಿಯೋಕೆ ಸುಲಭವಾದಾಗ ಗುರುತು ಸಿಗೋದಿಲ್ಲ.

ಆಗ ನೋಡಬೇಕಾದ್ದು ಹುಳವನ್ನಲ್ಲ, ಎಲೆಯನ್ನು. ಸಣ್ಣ ಲದ್ದಿ ಹುಳಗಳು ಎಲೆಯ ಒಂದು ಪದರ ಕೆರೆದು ಇನ್ನೊಂದು ಪದರ ಬಿಡ್ತವೆ, ಬೆಳಕಿಗೆ ಹಿಡಿದರೆ ಟ್ರೇಸಿಂಗ್ ಪೇಪರಿನ ಹಾಗೆ ಕಾಣುತ್ತೆ. ದೊಡ್ಡವು ಸುಳಿಯೊಳಗೆ ಕೂತು ತಿಂದಾಗ, ಸುರುಳಿ ಬಿಚ್ಚಿದ ಎಲೆಯಲ್ಲಿ ಅಡ್ಡ ಸಾಲಾಗಿ ಹರಕು ತೂತು ಬರ್ತವೆ, ಸುಳಿ ತುಂಬಾ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ. ಕಾಂಡ ಕೊರಕವೂ ಅಡ್ಡ ಸಾಲಾಗೇ ತೂತು ಮಾಡುತ್ತೆ, ಆದರೆ ಅವು ಸಣ್ಣ, ದುಂಡು, ಹಿಕ್ಕೆ ಅಷ್ಟಾಗಿ ಕಾಣಲ್ಲ. ಅದರ ಹುಳದ ಮೈ ಪೇಲವ, ಮೇಲೆ ಉದ್ದಕ್ಕೂ ಚುಕ್ಕೆ ಸಾಲು. ಚೌಕ ಮಾಡೋ ದೊಡ್ಡ ಚುಕ್ಕೆ ಇರಲ್ಲ. ಸ್ವಲ್ಪ ದಿನ ಬಿಟ್ಟರೆ ಅದು ಕಾಂಡದೊಳಗೆ ಇಳಿದು ನಡುವಿನ ಸುಳಿಯೇ ಒಣಗುತ್ತೆ, ಎಳೆದರೆ ಕೈಗೆ ಬರುತ್ತೆ. ನಮ್ಮ ಹಳೇ ಸೈನಿಕ ಹುಳ, ಅಂದರೆ ಲದ್ದಿ ಹುಳ ಬರೋಕೆ ಮುಂಚಿಂದಲೂ ಇಲ್ಲಿರೋದು, ಎಲೆಯ ಅಂಚಿನಿಂದ ತಿನ್ನುತ್ತೆ. ಅದರ ತಲೆ ಮೇಲೆ ಬಲೆಯಂಥ ಕಂದು ಗೆರೆ, ಜೊತೆಗೆ ಎರಡು ಕಡು ಪಟ್ಟಿ. ಅವಸರದಲ್ಲಿ ನೋಡಿದರೆ ಆ ಪಟ್ಟಿಗಳನ್ನೂ ವೈ ಅಂದುಕೊಳ್ಳಬಹುದು, ನಾವು ಅಂದುಕೊಂಡಿದ್ದೆವು ಕೂಡ.

ಇದರಿಂದ ಫೋಟೋ ಬಗ್ಗೆ ನಮಗೆ ಒಂದು ನಿಲುವು ಬಂತು. ಎಷ್ಟು ಹತ್ತಿರದ ಫೋಟೋ ಆದರೆ ಅಷ್ಟು ಒಳ್ಳೇದು ಅಂತ ಎಲ್ಲರೂ ನಂಬಿದ್ದಾರೆ. ಹತ್ತಿರ ಹೋದಷ್ಟೂ ಎಲೆ ಕಳೆದುಹೋಗುತ್ತೆ, ಗಿಡ ಕಳೆದುಹೋಗುತ್ತೆ, ಅಳತೆ ಕಳೆದುಹೋಗುತ್ತೆ. ಕಾಕಾನ ಫೋಟೋದಲ್ಲಿ ಆದದ್ದು ಅದೇ. ಕ್ಲೋಸಪ್ ಚೆನ್ನಾಗೇ ಇತ್ತು. ಆದರೆ ನೇರ ಮೇಲಿನಿಂದ ತೆಗೆದಿದ್ದರಿಂದ ದಂಟು ಮೊಟ್ಟೆಯ ಅಡಿಗೆ ಮರೆಯಾಗಿತ್ತು. ಕಂಬವನ್ನು ನೆತ್ತಿ ಮೇಲಿಂದ ನೋಡಿದರೆ ಚುಕ್ಕೆಯೇ ಕಾಣೋದು. ಪ್ಲಾನ್ ಒಂದೇ ಕೊಟ್ಟು ಎಲಿವೇಶನ್ ಕೊಡದ ಡ್ರಾಯಿಂಗಿಗೆ ನಮ್ಮ ಮೇಷ್ಟ್ರು ಸೊನ್ನೆ ಹಾಕ್ತಾರೆ. ನಾವು ಅದೇ ಡ್ರಾಯಿಂಗ್ ನೋಡಿ ಔಷಧಿ ಹೊಡೆಸಿದೆವು.

ಹಾಗಾಗಿ ಈಗ ಒಂದು ಫೋಟೋಗೆ ನಾವು ಉತ್ತರ ಕೊಡೋದಿಲ್ಲ, ಮೂರು ಕೇಳ್ತೇವೆ. ಮೊದಲನೇದು ಇಡೀ ಗಿಡ, ಸುಳಿ ಕಾಣೋ ಹಾಗೆ. ಎರಡನೇದು ಆ ಎಲೆ, ಏನು ತಿಂದಿದೆ, ಹುಳ ಎಲ್ಲಿ ಕೂತಿದೆ ಅಂತ ಕಾಣೋ ಹಾಗೆ. ಮೂರನೇದು ಕ್ಲೋಸಪ್. ಅದರಲ್ಲೂ ಮೇಲಿನಿಂದ ಒಂದು, ಪಕ್ಕದಿಂದ ಒಂದು. ಹುಳ ಆದರೆ ತಲೆ ಮತ್ತು ಬಾಲ ಎರಡೂ. ಮುಟ್ಟಿದರೆ ಹುಳ ಸುರುಳಿ ಸುತ್ತಿಕೊಳ್ಳುತ್ತೆ. ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಹಾಕಿ ಒಂದು ನಿಮಿಷ ಸುಮ್ಮನಿದ್ದರೆ ತಾನೇ ಬಿಚ್ಚಿ ನಡೆಯೋಕೆ ಶುರು ಮಾಡುತ್ತೆ, ಆಗ ಬೆನ್ನು ಪೂರ್ತಿ ಸಿಗುತ್ತೆ. ಫ್ಲಾಶ್ ಬೇಡ. ಹುಳದ ತಲೆ ನಯ, ಫ್ಲಾಶ್ ಹಾಕಿದರೆ ಬಿಳಿ ಮಚ್ಚೆ ಬಿದ್ದು ಗೆರೆ ಅಳಿಸಿಹೋಗುತ್ತೆ. ಬಿಸಿಲಿಗೆ ಬೆನ್ನು ಕೊಟ್ಟು ನಿಮ್ಮ ನೆರಳಲ್ಲೇ ತೆಗೆದರೆ ಸಾಕು.

ಅಳತೆಗೆ ಮೊದಲು ಒಂದು ರೂಪಾಯಿ ನಾಣ್ಯ ಇಡಿ ಅಂತಿದ್ದೆವು. ಆಮೇಲೆ ನೋಡಿದರೆ ಒಂದು ರೂಪಾಯಿ ನಾಣ್ಯವೇ ಎರಡು ಮೂರು ಸೈಜಿನಲ್ಲಿ ಚಾಲ್ತಿಯಲ್ಲಿದೆ! ಈಗ ನಮ್ಮ ರೆಕಾರ್ಡ್ ಪುಸ್ತಕದ ಗ್ರಾಫ್ ಶೀಟ್ ಹರಿದು, ಎರಡು ಬೆರಳಗಲದ ತುಂಡು ಮಾಡಿ ಊರಲ್ಲಿ ಹಂಚಿದ್ದೇವೆ. ಒಂದು ಮನೆ ಒಂದು ಮಿಲಿಮೀಟರ್. ಎಲೆ ಪಕ್ಕ ಹಿಡಿದರೆ ಆಯ್ತು, ಬೇರೆ ಲೆಕ್ಕ ಬೇಡ.

ಇಲ್ಲಿ ಒಂದು ಸಣ್ಣ ಗಣಿತ ಇದೆ, ನಮ್ಮ ಓದುಗರಿಗೆ ಇಷ್ಟ ಆಗಬಹುದು. ಸಾಮಾನ್ಯ ಮೊಬೈಲ್ ಕ್ಯಾಮೆರಾ ಹತ್ತು ಸೆಂಟಿಮೀಟರಿಗಿಂತ ಹತ್ತಿರ ಹೋದರೆ ಫೋಕಸ್ ಬಿಡುತ್ತೆ. ಆ ದೂರದಲ್ಲಿ ಫೋಟೋದ ಅಗಲ ಸುಮಾರು ಹನ್ನೆರಡೂವರೆ ಸೆಂಟಿಮೀಟರ್ ಜಾಗ ಹಿಡಿಯುತ್ತೆ. ಅಗಲದಲ್ಲಿ 4000 ಪಿಕ್ಸೆಲ್ ಇದ್ದರೆ ಮಿಲಿಮೀಟರಿಗೆ 32 ಪಿಕ್ಸೆಲ್ ಬಂತು. ಲದ್ದಿ ಹುಳದ ಒಂದು ಮೊಟ್ಟೆ 0.4 ಮಿಲಿಮೀಟರ್, ಅಂದರೆ 13 ಪಿಕ್ಸೆಲ್. ಅದನ್ನು ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅಗಲ ಸುಮಾರು 1600 ಪಿಕ್ಸೆಲಿಗೆ ಇಳಿಯುತ್ತೆ, ಮೊಟ್ಟೆಗೆ ಉಳಿಯೋದು 5 ಪಿಕ್ಸೆಲ್. ಐದು ಪಿಕ್ಸೆಲಿನಲ್ಲಿ ದಂಟು ಇದೆಯೋ ಇಲ್ಲವೋ ಅಂತ ಯಾರಿಗೂ ಹೇಳೋಕಾಗಲ್ಲ. ಅದೇ ಬಲಿತ ಹುಳದ ತಲೆ ಎರಡೂವರೆ ಮಿಲಿಮೀಟರ್ ದಾಟುತ್ತೆ, ವಾಟ್ಸಾಪ್ ಹಿಂಡಿದ ಮೇಲೂ ಅದಕ್ಕೆ ಮೂವತ್ತು ಪಿಕ್ಸೆಲ್ ಸಿಗುತ್ತೆ, ಗೆರೆ ಕಾಣುತ್ತೆ. ಹುಳದ ಫೋಟೋದಲ್ಲಿ ಸರಿ ಹೇಳ್ತಿದ್ದವರು ಮೊಟ್ಟೆಯ ಫೋಟೋದಲ್ಲಿ ಯಾಕೆ ಎಡವಿದೆವು ಅಂತ ಇದರಿಂದ ಅರ್ಥ ಆಯ್ತು. ಡಿಜಿಟಲ್ ಜೂಮ್ ಮಾಡಿದರೆ ಪಿಕ್ಸೆಲ್ ದೊಡ್ಡದಾಗುತ್ತೆ, ಮಾಹಿತಿ ಹೆಚ್ಚಾಗಲ್ಲ. ಕ್ಲಿಪ್ ಲೆನ್ಸ್ ಹಾಕಿ ಮೂರು ಸೆಂಟಿಮೀಟರ್ ಜಾಗ ಮಾತ್ರ ಫ್ರೇಮಿಗೆ ಬರೋ ಹಾಗೆ ಮಾಡಿದರೆ ಅದೇ ಮೊಟ್ಟೆಗೆ ಐವತ್ತಕ್ಕಿಂತ ಹೆಚ್ಚು ಪಿಕ್ಸೆಲ್. ಅದನ್ನು ಡಾಕ್ಯುಮೆಂಟ್ ಅಂತ ಕಳಿಸಬೇಕು, ಫೋಟೋ ಅಂತ ಅಲ್ಲ. ಲೆನ್ಸ್ ಹಾಕಿದಾಗ ಸ್ಪಷ್ಟವಾಗಿ ಕಾಣೋ ಆಳ ತೀರಾ ಕಡಿಮೆ ಆಗುತ್ತೆ. ಅದಕ್ಕೆ ಸ್ಕ್ರೀನ್ ಒತ್ತಿ ಫೋಕಸ್ ಹುಡುಕೋ ಬದಲು ಮೊಬೈಲನ್ನೇ ಮೆಲ್ಲಗೆ ಹಿಂದೆ ಮುಂದೆ ಮಾಡ್ತಾ ಐದಾರು ಫೋಟೋ ಹೊಡೆದು, ಚೆನ್ನಾಗಿರೋದನ್ನು ಆರಿಸಿ.

ಇಷ್ಟೆಲ್ಲ ಮಾಡಿದರೂ ಮೊಟ್ಟೆಯಲ್ಲಿ ಹೆಸರು ಹೇಳೋದು ಬೇಡ ಅಂತಲೇ ನಮ್ಮ ಅಭಿಪ್ರಾಯ. ಲದ್ದಿ ಹುಳದ ಪತಂಗ ನೂರು ಇನ್ನೂರು ಮೊಟ್ಟೆ ಒಂದೇ ಕಡೆ ಗುಂಪಾಗಿ ಇಡುತ್ತೆ, ಮೇಲೆ ತನ್ನ ಮೈಯ ಬೂದು ಬಣ್ಣದ ರೋಮ ಹೊದಿಸುತ್ತೆ. ನೋಡೋಕೆ ಬೂಷ್ಟು ಹಿಡಿದ ಹಾಗೆ. ಈ ಹೊದಿಕೆಯೇ ಒಳ್ಳೇ ಗುರುತು ಅಂತ ನಾವು ಕುಣಿದಿದ್ದೆವು. ತಂಬಾಕಿನ ಎಲೆ ತಿನ್ನೋ ಹುಳದ ಪತಂಗವೂ ಹಾಗೇ ಗುಂಪಾಗಿಟ್ಟು ಹಾಗೇ ಹೊದಿಸುತ್ತೆ. ಫೋಟೋದಲ್ಲಿ ಎರಡಕ್ಕೂ ವ್ಯತ್ಯಾಸ ಹೇಳೋಕೆ ಆಗಲ್ಲ. ಜೇಡದ ಮೊಟ್ಟೆ ಚೀಲವೂ ಮಸುಕು ಫೋಟೋದಲ್ಲಿ ಅದೇ ಥರ. ಕಾಂಡ ಕೊರಕದ ಮೊಟ್ಟೆ ಮಾತ್ರ ಬೇರೆ, ಚಪ್ಪಟೆಯಾಗಿ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಜೋಡಿಸಿರುತ್ತೆ, ರೋಮ ಇರಲ್ಲ. ಹಳದಿ ಬಣ್ಣದ, ನೆಟ್ಟಗೆ ನಿಲ್ಲಿಸಿದ ಸಣ್ಣ ಗುಂಪು ಕಂಡರೆ ಅದು ಗುಲಗಂಜಿ ಹುಳದ್ದಿರಬಹುದು. ಅದು ಸಸ್ಯಹೇನು ತಿನ್ನೋ ಸ್ನೇಹಿತ, ಮುಟ್ಟಬಾರದು.

ಹೆಸರು ಗೊತ್ತಾಗದಿದ್ದರೂ ಮೊಟ್ಟೆಗೆ ಏನು ಮಾಡಬೇಕು ಅಂತ ತಿಳಿಯೋಕೆ ಒಂದು ಡಬ್ಬಿ ಸಾಕು. ಮೊಟ್ಟೆ ಇರೋ ಎಲೆ ತುಂಡು ಕತ್ತರಿಸಿ, ಸೂಜಿಯಿಂದ ಸಣ್ಣ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒದ್ದೆ ಹತ್ತಿಯ ಜೊತೆ ನೆರಳಲ್ಲಿಡಿ. ಲದ್ದಿ ಹುಳ ಆದರೆ ನಮ್ಮ ಕಡೆಯ ಸೆಕೆಯಲ್ಲಿ ಎರಡು ಮೂರು ದಿನಕ್ಕೆ ಒಡೆಯುತ್ತೆ. ಒಡೆಯೋ ಮುಂಚೆ ಮೊಟ್ಟೆ ಕಪ್ಪಾಗುತ್ತೆ, ಒಳಗಿನ ಮರಿಯ ಕಪ್ಪು ತಲೆ ಕಾಣೋದು ಅದು. ಕೆಲವೊಮ್ಮೆ ಮೂರು ದಿನ ಕಳೆದರೂ ಮರಿ ಬರಲ್ಲ, ಮೊಟ್ಟೆ ಪೂರ್ತಿ ಕಪ್ಪಾಗೇ ಇರುತ್ತೆ, ವಾರದ ಹೊತ್ತಿಗೆ ಅದರಿಂದ ಧೂಳಿನ ಕಣದಷ್ಟು ಸಣ್ಣ ಕಣಜ ಹೊರಗೆ ಬರುತ್ತೆ. ಹುಳದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡೋ ಪರಾವಲಂಬಿ ಕಣಜ ಅದು. ಹೆಸರು ಸರಿಯಾಗಿ ಹೇಳಿದ್ದರೂ ಅಂಥ ಮೊಟ್ಟೆಗೆ ಔಷಧಿ ಹೊಡೆಯೋದು ದಂಡ. 'ಅಲ್ಲಿವರೆಗೆ ಹೊಲ ಸುಮ್ಮನಿರುತ್ತಾ?' ಅಂತ ಕಾಕಾ ಕೇಳಿದರು. ನ್ಯಾಯವಾದ ಪ್ರಶ್ನೆ. ರೋಮ ಹೊದ್ದ ಮೊಟ್ಟೆ ಗುಂಪು ಎದುರಿಗೇ ಕಂಡಾಗ ಬೆರಳಲ್ಲಿ ಹಿಸುಕಿ ಹಾಕಿ, ಅದಕ್ಕೆ ಹೆಸರೂ ಬೇಡ, ಎಣ್ಣೆಯೂ ಬೇಡ. ಒಂದೇ ಗುಂಪು ಡಬ್ಬಿಗೆ ಉಳಿಸಿ. ಮೂರು ದಿನದಲ್ಲಿ ಬರೋ ಮರಿ ಪದರ ಕೆರೆಯೋ ಹಂತದಲ್ಲೇ ಇರುತ್ತೆ, ಅಷ್ಟರೊಳಗೆ ಹೊಲ ಹಾಳಾಗಲ್ಲ.

ಕೋಶದ ವಿಷಯ ಬೇಗ ಮುಗಿಯುತ್ತೆ, ಯಾಕಂದ್ರೆ ಇಲ್ಲಿ ಜಾಗವೇ ಉತ್ತರ ಹೇಳಿಬಿಡುತ್ತೆ. ಲದ್ದಿ ಹುಳ ಬಲಿತ ಮೇಲೆ ಗಿಡದಿಂದ ಇಳಿದು ಎರಡರಿಂದ ಎಂಟು ಸೆಂಟಿಮೀಟರ್ ಮಣ್ಣೊಳಗೆ ಹೋಗಿ ಕೋಶ ಆಗುತ್ತೆ. ಕೆಂಪು ಕಂದು ಬಣ್ಣ, ಹೊಳಪು, ಒಂದೂವರೆ ಸೆಂಟಿಮೀಟರ್ ಆಸುಪಾಸು. ಹಾಗಿದ್ದಾಗ ಎಲೆ ಮೇಲೆ ಕೋಶ ಕಂಡಿತು ಅಂತ ಫೋಟೋ ಬಂದರೆ ಅದು ಸಾಮಾನ್ಯವಾಗಿ ಲದ್ದಿ ಹುಳದ್ದಲ್ಲ. ನಮಗೆ ಬಂದ ಅಂಥ ಫೋಟೋಗಳಲ್ಲಿ ಎರಡು ಬಗೆ ಹೆಚ್ಚು. ಒಂದು, ಬಾಲದ ತುದಿ ಎಲೆಗೆ ಅಂಟಿಸಿಕೊಂಡು ಕೂತ ಗುಬ್ಬಟೆಯಂಥದ್ದು, ಗುಲಗಂಜಿ ಹುಳದ ಕೋಶ. ಇನ್ನೊಂದು ಅಕ್ಕಿ ಕಾಳಿಗಿಂತ ಸಣ್ಣ ಬಿಳಿ ರೇಷ್ಮೆ ಗೂಡುಗಳ ಗುಂಪು, ಕೆಲವೊಮ್ಮೆ ಪಕ್ಕದಲ್ಲೇ ಸೊರಗಿದ ಮರಿಹುಳ. ಊರಲ್ಲಿ ಇದನ್ನು ಹುಳ ತತ್ತಿ ಇಟ್ಟಿದೆ ಅಂತಲೇ ಅಂದುಕೊಳ್ಳೋದು. ಮರಿಹುಳ ಮೊಟ್ಟೆ ಇಡೋದಿಲ್ಲ, ಮೊಟ್ಟೆ ಇಡೋದು ಪತಂಗ. ಈ ಒಂದು ವಾಕ್ಯ ನೆನಪಿದ್ದರೆ ಸಾಕು. ಆ ಗೂಡು ಮರಿಹುಳದ ಮೈಯೊಳಗೆ ಬೆಳೆದು ಹೊರಬಂದ ಕಣಜಗಳದ್ದು. ಮಳೆ ಹಿಡಿದ ವಾರದಲ್ಲಿ ಇನ್ನೊಂದು ಥರದ ಫೋಟೋನೂ ಬಂತು: ಎಲೆ ಮೇಲೆ ಸೆಟೆದು ಸತ್ತ ಹುಳ, ಮೈಯೆಲ್ಲ ಬಿಳಿ, ಆಮೇಲೆ ತಿಳಿ ಹಸಿರು ಪುಡಿ. 'ಹೊಸ ಬಿಳಿ ಹುಳ ಬಂದೈತಿ' ಅಂತ ಕೆಳಗೆ ಬರೆದಿದ್ದರು. ಅದು ನೊಮೂರಿಯಾ ಅನ್ನೋ ಶಿಲೀಂಧ್ರ ಹಿಡಿದು ಸತ್ತ ಹಳೇ ಹುಳವೇ.

ಇದನ್ನೆಲ್ಲ ನಮ್ಮ ಬ್ಯಾಚಿನವರಿಗೆ ಹೇಳಿದಾಗ ಒಂದು ಆಕ್ಷೇಪ ಬಂತು. ಕೃಷಿ ವಿಜ್ಞಾನ ಕೇಂದ್ರ ಇದೆ, ಕೀಟಶಾಸ್ತ್ರ ಓದಿದವರಿದ್ದಾರೆ, ನೀವ್ಯಾಕೆ ನಡುವೆ ಅಂತ. ಅರ್ಧ ಒಪ್ಪುತ್ತೇವೆ. ಔಷಧಿಯ ಹೆಸರು, ಪ್ರಮಾಣ ನಾವು ಹೇಳೋದನ್ನು ಪೂರ್ತಿ ಬಿಟ್ಟಿದ್ದೇವೆ. ಆದರೆ ಆ ವಿಜ್ಞಾನಿಗೆ ಹೋಗೋ ಫೋಟೋ ಯಾವುದು? ಕಾಕಾ ನಮಗೆ ಕಳಿಸಿದಂಥದ್ದೇ, ಐದು ಪಿಕ್ಸೆಲಿನ ಮೊಟ್ಟೆ. ನಾವು ಜಿಲ್ಲೆಯ ಕೇಂದ್ರದ ಒಬ್ಬ ಮೇಡಮ್ಮಿಗೆ ಹಳೇ ಫೋಟೋಗಳನ್ನು ತೋರಿಸಿದೆವು. ಅವರು ಅರ್ಧಕ್ಕೂ ಹೆಚ್ಚಿಗೆ "ಇದರಲ್ಲಿ ಹೇಳೋಕಾಗಲ್ಲಪ್ಪಾ" ಅಂದರು. ನಾವು ಅಷ್ಟಕ್ಕೂ ಹೆಸರು ಹೇಳಿ ಕಳಿಸಿದ್ದೆವು. ಕೀಟಶಾಸ್ತ್ರ ನಮ್ಮ ಕೆಲಸ ಅಲ್ಲದಿರಬಹುದು, ಅಳತೆ, ಬೆಳಕು, ಪಿಕ್ಸೆಲ್ ನಮ್ಮ ಕೆಲಸವೇ.

ಇನ್ನೊಂದು ಆಕ್ಷೇಪ ಊರಿನದು, ಅದು ಹೆಚ್ಚು ಗಟ್ಟಿ. ರೈತನಿಗೆ ಬೇಕಾದ್ದು ಇವತ್ತು ಸಂಜೆಯ ಉತ್ತರ. ಗೊತ್ತಿಲ್ಲ ಅಂದರೆ ಅವನು ಗೊಬ್ಬರದ ಅಂಗಡಿಗೆ ಹೋಗ್ತಾನೆ, ಅಲ್ಲಿ ಗೊತ್ತಿಲ್ಲ ಅನ್ನೋ ಮಾತೇ ಇರಲ್ಲ. ಇದಕ್ಕೆ ನಮ್ಮ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೂ ಗೊತ್ತಿಲ್ಲ ಅಂತ ಬರೆದು ನಿಲ್ಲಿಸೋದನ್ನು ಬಿಟ್ಟು, ಈಗ ಅವಸ್ಥೆ ಬರೆದು, ಮುಂದೇನು ನೋಡಬೇಕು ಅಂತ ಬರೀತೇವೆ. 'ಕಾಕಾ, ಇದು ಮೊಟ್ಟೆ, ಯಾವುದರದ್ದು ಅಂತ ಹೇಳೋಕಾಗಲ್ಲ. ಎಲೆ ಅಡ್ಡ ಹಿಡಿದು ಪಕ್ಕದಿಂದ ಒಂದು ತೆಗೀರಿ, ಮತ್ತ ಐದು ಕಡೆ ಇಪ್ಪತ್ತು ಗಿಡದ ಸುಳಿ ನೋಡಿ ಎಷ್ಟಕ್ಕ ಹತ್ತೇತಿ ಹೇಳ್ರಿ' ಅಂತ. ಎಣಿಸೋದಕ್ಕೆ ಅರ್ಧ ಗಂಟೆ ಸಾಕು. ಎಣಿಸಿ ಬಂದವರು ಅವಸರ ಬಿಟ್ಟಿರ್ತಾರೆ ಅನ್ನೋದು ನಾವು ಕಂಡದ್ದು, ಸಂಖ್ಯೆ ಅವರ ಕೈಯಲ್ಲೇ ಇರುತ್ತಲ್ಲ.

ಹೋದ ವಾರ ಕಾಕಾನದ್ದೇ ಮತ್ತೊಂದು ಬಂತು. ಡಾಕ್ಯುಮೆಂಟ್ ಆಗಿ, ಪಕ್ಕದಲ್ಲಿ ಗ್ರಾಫ್ ತುಂಡು, ಬೂದು ರೋಮದ ಗುಂಪು, ನಾಲ್ಕು ಮನೆ ಅಗಲ. ಪಕ್ಕದಿಂದ ತೆಗೆದದ್ದರಲ್ಲಿ ದಂಟಿಲ್ಲ. ಕೆಳಗೆ ಬರೆದಿದ್ದರು: "ನೂರಕ್ಕ ಏಳು. ಕಂಡಷ್ಟು ಹಿಚುಕೇನಿ. ಒಂದ್ ಡಬ್ಬ್ಯಾಗ ಹಾಕಿ ಬಸ್ಸಿಗೆ ಕಳಿಸೇನಿ, ನೋಡ್ರಿ." ಏಳು ಅಂತ ಕಂಡಕೂಡಲೇ ಅದನ್ನು ಮೇಡಮ್ಮಿಗೆ ತಿಳಿಸಿದೆವು, ಏನು ಹೊಡೀಬೇಕು ಅಂತ ಅವರೇ ಕಾಕಾಗೆ ಫೋನ್ ಮಾಡಿ ಹೇಳಿದರು. ಡಬ್ಬಿ ನಮ್ಮ ಹಾಸ್ಟೆಲ್ ಕಿಟಕಿ ಮೇಲಿದೆ. ನಿನ್ನೆ ಸಂಜೆ ಮೊಟ್ಟೆಗಳು ಕಪ್ಪಾಗೋಕೆ ಶುರುವಾದವು. ಮರಿಯ ತಲೆಯೋ, ಕಣಜವೋ ಇನ್ನೂ ಗೊತ್ತಾಗಿಲ್ಲ. ಗ್ರೂಪಿನಲ್ಲಿ ನಾಳೆ ಹೇಳ್ತೇವೆ ಅಂತ ಹಾಕಿದ್ದೇವೆ.